ಎರಡನೇ ಇನ್ನೂರು ರೂಪಾಯಿ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯನ್ನು ಕಣ್ಮುಂದೆ ತಂದುಕೊಳ್ಳಿ. ಅಲ್ಲಿನ ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರ ಕೈಯಲ್ಲಿ ಸೆಪ್ಟೆಂಬರ್ ತಿಂಗಳ ಎರಡು ಪೇ ಸ್ಲಿಪ್‌ಗಳಿವೆ. ಮೊದಲನೆಯದು 12ನೇ ತಾರೀಖಿನದು. ಏಪ್ರಿಲ್‌ನಿಂದ ಜಾರಿಗೆ ಬರಬೇಕಿದ್ದ ಇನ್‌ಕ್ರಿಮೆಂಟಿಗೆ ಆಡಳಿತ ಮಂಡಳಿ ಸಹಿ ಹಾಕಿದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಹೀಗಾಗಿ ತಿಂಗಳಿಗೆ 1,800 ರೂಪಾಯಿಯಂತೆ ಐದು ತಿಂಗಳ ಬಾಕಿ 9,000 ರೂಪಾಯಿಯನ್ನು ಅಂದು ಪ್ರತ್ಯೇಕವಾಗಿ ಕೊಟ್ಟರು. ಎರಡನೆಯದು 30ನೇ ತಾರೀಖಿನ ಮಾಮೂಲಿ ಸಂಬಳದ ಸ್ಲಿಪ್, ಹೊಸ ದರದಲ್ಲಿ 29,200 ರೂಪಾಯಿ. ಎರಡರಲ್ಲೂ ಕಡಿತದ ಕಾಲಮ್ಮಿನಲ್ಲಿ ಒಂದೇ ಸಾಲು: ವೃತ್ತಿ ತೆರಿಗೆ, 200 ರೂಪಾಯಿ.

ಇದು ಈ ಲೇಖನಕ್ಕಾಗಿ ಕಟ್ಟಿಕೊಂಡ ಉದಾಹರಣೆ. ಆದರೆ ದೂರು ಹುಟ್ಟುವ ದಾರಿ ಕಟ್ಟುಕತೆಯಲ್ಲ. ಬಾಕಿ ವೇತನ, ರಜೆ ನಗದೀಕರಣ, ಪ್ರೋತ್ಸಾಹಧನ, ಹೀಗೆ ಯಾವುದಾದರೂ ಹಣ ಮುಖ್ಯ ಸಂಬಳದಿಂದ ಬೇರೆಯಾಗಿ ಬಂದ ತಿಂಗಳಲ್ಲಿ ವೃತ್ತಿ ತೆರಿಗೆ ಎರಡು ಸಲ ಕತ್ತರಿಸಿ ಹೋಗುವ ಸಂಭವ ಹೆಚ್ಚು.

ಆಕೆ ಲೆಕ್ಕ ವಿಭಾಗದ ಕಿಟಕಿಗೆ ಹೋಗಿ ಕೇಳಿದಾಗ ಬರುವ ಉತ್ತರವೂ ಬಹುತೇಕ ಒಂದೇ ಬಗೆಯದು: "ಮೇಡಂ, ಅದು ಟ್ಯಾಕ್ಸು. ಸರ್ಕಾರಕ್ಕೆ ಹೋಗಿರುತ್ತೆ, ವಾಪಸ್ ಬರಲ್ಲ." ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಎರಡನೇ ಸಲ ಹಿಡಿದ ಇನ್ನೂರು ತೆರಿಗೆಯೇ ಅಲ್ಲ. ಅದು ಸರ್ಕಾರಕ್ಕೆ ಹೋಗಿದೆ ಎಂದು ನಂಬಲೂ ಕಾರಣವಿಲ್ಲ.

ಮೊದಲನೆಯದನ್ನು ನೋಡೋಣ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ನಡೆಯುವುದು 1976ರ ರಾಜ್ಯ ಕಾಯ್ದೆಯಂತೆ. ಸಂಬಳದಾರರ ಮಟ್ಟಿಗೆ ಲೆಕ್ಕ ಬಲು ಸರಳ. ತಿಂಗಳ ಸಂಬಳ 25,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಿಂಗಳಿಗೆ 200 ರೂಪಾಯಿ, ಅದಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 2023ರ ಏಪ್ರಿಲ್‌ಗೆ ಮೊದಲು ಈ ಗಡಿ 15,000 ಇತ್ತು. ಸಂಬಳ 26,000 ಇರಲಿ, ಎರಡೂವರೆ ಲಕ್ಷ ಇರಲಿ, ತೆರಿಗೆ ಅದೇ ಇನ್ನೂರು. ಆದಾಯ ತೆರಿಗೆಯ ಹಾಗೆ ಇದು ಹಣದ ಜೊತೆ ಬೆಳೆಯುವುದಿಲ್ಲ. ತೆರಿಗೆ ಬೀಳುವುದು ಆ ತಿಂಗಳು ಉದ್ಯೋಗದಲ್ಲಿರುವ ವ್ಯಕ್ತಿಯ ಮೇಲೆ, ತಿಂಗಳಿಗೆ ಒಮ್ಮೆ. ಅವರಿಗೆ ಎಷ್ಟು ಸ್ಲಿಪ್ ಕೊಟ್ಟರು, ಎಷ್ಟು ಕಂತಿನಲ್ಲಿ ಹಣ ಹಾಕಿದರು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಪೀಣ್ಯದ ಈ ಮಹಿಳೆಗೆ ಹಳೆಯ ಸಂಬಳವೂ 27,400 ಇತ್ತು, ಅಂದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರತಿ ತಿಂಗಳೂ ಅವರು ಪೂರ್ತಿ ತೆರಿಗೆ ಕಟ್ಟಿಯಾಗಿತ್ತು. ಬಾಕಿಯಾಗಿ ಬಂದ 9,000 ಆ ತಿಂಗಳುಗಳ ತೆರಿಗೆಯನ್ನು ಒಂದು ರೂಪಾಯಿಯಷ್ಟೂ ಏರಿಸಲಾರದು.

ಈ ತೆರಿಗೆಗೆ ಮೇಲಿಂದ ಒಂದು ಮುಚ್ಚಳವೂ ಇದೆ. ಒಬ್ಬ ವ್ಯಕ್ತಿ ಒಂದು ರಾಜ್ಯಕ್ಕೆ ಕಟ್ಟುವ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎಂದು ಸಂವಿಧಾನದ 276ನೇ ವಿಧಿಯೇ ಹೇಳುತ್ತದೆ. ಮೊದಲು 250 ಇದ್ದ ಈ ಮಿತಿಯನ್ನು 1988ರ ಅರವತ್ತನೇ ತಿದ್ದುಪಡಿ 2,500ಕ್ಕೆ ಏರಿಸಿತು. ಅಂದಿನಿಂದ ಅದು ಕದಲಿಲ್ಲ. ಕರ್ನಾಟಕ ಬಹುಕಾಲ ತಿಂಗಳಿಗೆ 200ರಂತೆ ವರ್ಷಕ್ಕೆ 2,400 ವಸೂಲಿ ಮಾಡುತ್ತಿತ್ತು. ಉಳಿದ ನೂರನ್ನೂ ತುಂಬಿಸಿಕೊಳ್ಳಲು 2025ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಫೆಬ್ರುವರಿಯ ತೆರಿಗೆಯನ್ನು 300 ಮಾಡಿತು. ಹನ್ನೊಂದು ತಿಂಗಳು ಇನ್ನೂರು, ಫೆಬ್ರುವರಿಯಲ್ಲಿ ಮುನ್ನೂರು, ಒಟ್ಟು ಸರಿಯಾಗಿ 2,500. ಹೀಗಾಗಿ ಫೆಬ್ರುವರಿಯ ಸ್ಲಿಪ್ಪಿನಲ್ಲಿ 200 ಒಂದು ಸಾಲು, 100 ಇನ್ನೊಂದು ಸಾಲು ಕಂಡರೆ ಅದು ಎರಡು ಬಾರಿಯ ಕಡಿತವಲ್ಲ. 400 ಕಂಡರೆ ಕೇಳಲೇಬೇಕು.

ಈಗ "ಸರ್ಕಾರಕ್ಕೆ ಹೋಗಿರುತ್ತೆ" ಎಂಬ ಮಾತು. ಇದನ್ನು ತೂಗಿ ನೋಡಲು ಕಂಪನಿಯ ಒಳಗಿನ ವ್ಯವಹಾರ ಸ್ವಲ್ಪ ತಿಳಿದಿರಬೇಕು.

ಪಿ.ಎಫ್. ಹಣಕ್ಕೆ ನೌಕರರ ಹೆಸರಿನಲ್ಲಿ ಪಾಸ್‌ಬುಕ್ ಇದೆ. ಸಂಬಳದಲ್ಲಿ ಹಿಡಿದ ಆದಾಯ ತೆರಿಗೆ ಅವರವರ ಪ್ಯಾನ್ ಸಂಖ್ಯೆಯ ಎದುರು ಕಾಣುತ್ತದೆ. ವೃತ್ತಿ ತೆರಿಗೆಗೆ ಅಂಥ ಸೌಲಭ್ಯವಿಲ್ಲ. ಮಾಲೀಕರು ಮುಂದಿನ ತಿಂಗಳ 20ನೇ ತಾರೀಖಿನೊಳಗೆ ವಾಣಿಜ್ಯ ತೆರಿಗೆ ಇಲಾಖೆಗೆ ಮಾಸಿಕ ವಿವರಪಟ್ಟಿ ಸಲ್ಲಿಸಿ ಹಣ ಕಟ್ಟುತ್ತಾರೆ. ಆ ಪಟ್ಟಿಯಲ್ಲಿ ಕೇಳುವುದು ತಲೆಗಳ ಲೆಕ್ಕ: 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳದವರು ಎಷ್ಟು ಮಂದಿ, ತಲೆಗೆ ಎಷ್ಟು, ಒಟ್ಟು ಎಷ್ಟು. ಹಾಗಾಗಿ ತನ್ನ ಇನ್ನೂರು ತಲುಪಿತೇ ಎಂದು ನೌಕರರೊಬ್ಬರು ಯಾವ ಜಾಲತಾಣದಲ್ಲೂ ನೋಡುವ ಹಾಗಿಲ್ಲ. ಈ ತೆರಿಗೆಗೆ ನೌಕರರ ಕಡೆಯಿಂದ ಇರುವ ಸಾಕ್ಷಿ ಪೇ ಸ್ಲಿಪ್ ಮಾತ್ರ. ಬಾಕಿ ವೇತನದ ಸಣ್ಣ ಸ್ಲಿಪ್ಪನ್ನು ಹಣ ಬಂತಲ್ಲ ಎಂದು ಓದದೆ ಬಿಡುವವರು ಕಳೆದುಕೊಳ್ಳುವುದು ಈ ಸಾಕ್ಷಿಯನ್ನೇ.

ತಲೆ ಲೆಕ್ಕದ ಈ ಪದ್ಧತಿಯೇ ಎರಡನೇ ಇನ್ನೂರು ಎಲ್ಲಿದೆ ಎಂಬುದನ್ನೂ ಹೇಳಿಬಿಡುತ್ತದೆ. ನಮ್ಮ ಕಾರ್ಖಾನೆಯಲ್ಲಿ ತೆರಿಗೆಯ ಗಡಿಯೊಳಗೆ ಬರುವವರು 84 ಮಂದಿ ಎನ್ನೋಣ. ಅವರಲ್ಲಿ ಇನ್‌ಕ್ರಿಮೆಂಟಿನ ಬಾಕಿ ಪಡೆದವರು 61. ಸೆಪ್ಟೆಂಬರ್ 30ರ ಸಂಬಳದಲ್ಲಿ 84 ಜನರಿಂದ ಹಿಡಿದದ್ದು 16,800 ರೂಪಾಯಿ. ಸೆಪ್ಟೆಂಬರ್ 12ರಂದು 61 ಜನರಿಂದ ಹಿಡಿದದ್ದು 12,200. ಕಂಪನಿಯ ಕೈಗೆ ಬಂದದ್ದು ಒಟ್ಟು 29,000. ವಿವರಪಟ್ಟಿಯಲ್ಲಿ 84 ಮಂದಿ ಎಂದು ನಿಜವನ್ನೇ ಬರೆದರೆ ಕಟ್ಟಬೇಕಾದದ್ದು 16,800 ಮಾತ್ರ. ಉಳಿದ 12,200 ಕಂಪನಿಯ ಪುಸ್ತಕದಲ್ಲಿ "ಕಟ್ಟಬೇಕಾದ ವೃತ್ತಿ ತೆರಿಗೆ" ಖಾತೆಯಲ್ಲಿ ಸುಮ್ಮನೆ ಕೂತಿರುತ್ತದೆ. ಕೆಟ್ಟ ಉದ್ದೇಶ ಯಾರಿಗೂ ಇಲ್ಲದಿರಬಹುದು. ಆದರೆ ನೌಕರರ ಹಣ ಕಂಪನಿಯಲ್ಲೇ ಇದೆ.

ವಿವರಪಟ್ಟಿಯನ್ನು ಸಾಫ್ಟ್‌ವೇರಿನಿಂದಲೇ ತೆಗೆಯುವ ಕಡೆ ಇನ್ನೊಂದು ಬಗೆಯ ತಪ್ಪು ನಡೆಯುತ್ತದೆ. ಅದು ಎರಡೂ ಸಲದ ಕಡಿತಗಳನ್ನು ಎಣಿಸಿ, ನೌಕರರ ಸಂಖ್ಯೆ 145 ಎಂದು ತೋರಿಸುತ್ತದೆ. ಹಾಜರಿ ಪುಸ್ತಕದಲ್ಲಿ ಇಲ್ಲದ 61 ಜನ ಆ ಪಟ್ಟಿಯಲ್ಲಿ ಹುಟ್ಟಿಕೊಂಡಿರುತ್ತಾರೆ. ಸಹಿ ಹಾಕುವ ಮುಂಚೆ ಲೆಕ್ಕಿಗರು ಆ ಸಂಖ್ಯೆಯನ್ನು ಹಾಜರಿ ಪುಸ್ತಕದ ಜೊತೆ ಒಮ್ಮೆ ಹೋಲಿಸಿದರೂ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹೋಲಿಸದೆ ಕಟ್ಟಿಬಿಟ್ಟರೆ ಹೆಚ್ಚುವರಿ ಹಣವನ್ನು ಇಲಾಖೆಯ ಜೊತೆ ಸರಿಪಡಿಸಿಕೊಳ್ಳುವ ಕೆಲಸ ಬೀಳುವುದು ನೋಂದಾಯಿತ ಮಾಲೀಕರ ಮೇಲೆ. ಅಲ್ಲಿಂದ ಹಣ ಬರುವವರೆಗೆ ಕಾಯಿರಿ ಎಂದು ನೌಕರರಿಗೆ ಹೇಳುವುದು ನ್ಯಾಯವಲ್ಲ. ತಪ್ಪು ಎಣಿಕೆ ನೌಕರರದಲ್ಲ.

ಸಾಫ್ಟ್‌ವೇರ್ ಎಡವುವುದಾದರೂ ಏಕೆ? 9,000 ರೂಪಾಯಿಯ ಸ್ಲಿಪ್ಪಿಗೆ ವೃತ್ತಿ ತೆರಿಗೆ ಏಕೆ ಬಿತ್ತು ಎಂಬುದು ಸಹಜವಾದ ಪ್ರಶ್ನೆ, ಅದು 25,000ಕ್ಕಿಂತ ಬಹಳ ಕೆಳಗಿದೆಯಲ್ಲ. ಪೇರೋಲ್ ಪ್ರೋಗ್ರಾಮು ಹಲವೆಡೆ ಸ್ಲಿಪ್ಪಿನ ಮೊತ್ತವನ್ನು ನೋಡದೆ, ನೌಕರರ ದಾಖಲೆಯಲ್ಲಿರುವ ತಿಂಗಳ ಸಂಬಳವನ್ನು ನೋಡಿ ಗಡಿ ತೀರ್ಮಾನಿಸುತ್ತದೆ. ಅಲ್ಲಿ 29,200 ಎಂದಿದೆ, ಹಾಗಾಗಿ 200 ಹಿಡಿಯುತ್ತದೆ. ತಿಂಗಳ ಕೊನೆಯಲ್ಲಿ ಮತ್ತೆ ಓಡಿಸಿದಾಗ ಈ ತಿಂಗಳು ಈಗಾಗಲೇ ಹಿಡಿದಾಗಿದೆ ಎಂದು ಅದು ತಾನಾಗಿ ನೋಡಿಕೊಳ್ಳಬೇಕು. ಮಧ್ಯದ ಪಾವತಿಯನ್ನು ಪ್ರತ್ಯೇಕ ಸುತ್ತು ಎಂದು ನಮೂದಿಸಿದ್ದರೆ ಎರಡು ಸುತ್ತುಗಳು ಒಂದನ್ನೊಂದು ನೋಡುವುದಿಲ್ಲ. ಬಾಕಿಯ ಪಟ್ಟಿಯನ್ನು ಕೈಯಿಂದ ಎಕ್ಸೆಲ್‌ನಲ್ಲಿ ಮಾಡಿ ಸೇರಿಸುವ ಸಣ್ಣ ಕಚೇರಿಗಳಲ್ಲಿ ಕಾರಣ ಇನ್ನೂ ಸರಳ: ಹಿಂದಿನ ತಿಂಗಳ ಹಾಳೆಯನ್ನು ನಕಲು ಮಾಡುವಾಗ ಪಿ.ಟಿ. ಕಾಲಮ್ಮೂ ಜೊತೆಗೆ ಬಂದಿರುತ್ತದೆ.

ಒಂದು ತಿಂಗಳಲ್ಲಿ 400 ಕಂಡ ಮಾತ್ರಕ್ಕೆ ತಪ್ಪಾಗಿದೆ ಎಂದು ತೀರ್ಮಾನಿಸುವುದೂ ಸರಿಯಲ್ಲ. ಹಿಂದಿನ ತಿಂಗಳು ಹಿಡಿಯಲು ಮರೆತು ಈ ತಿಂಗಳು ಎರಡನ್ನೂ ಸೇರಿಸಿ ಹಿಡಿದಿರಬಹುದು. ಹಿಡಿಯಲಿ ಬಿಡಲಿ, ತೆರಿಗೆ ಕಟ್ಟುವ ಹೊಣೆಯನ್ನು ಕಾಯ್ದೆ ಮಾಲೀಕರ ಮೇಲೆ ಹೊರಿಸಿದೆ. ಹಾಗಾಗಿ ಮರೆತದ್ದನ್ನು ಅವರು ಹಿಂದೆಯೇ ವಸೂಲಿ ಮಾಡಲು ನೋಡುತ್ತಾರೆ. ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಪೇ ಸ್ಲಿಪ್ಪಿನಲ್ಲಿ ಸಾಮಾನ್ಯವಾಗಿ ವರ್ಷದ ಒಟ್ಟು ಮೊತ್ತದ ಕಾಲಮ್ ಒಂದಿರುತ್ತದೆ, ವೈ.ಟಿ.ಡಿ. ಎಂದು. ಏಪ್ರಿಲ್‌ನಿಂದ ಸಂಬಳ 25,000 ಮುಟ್ಟಿದ ತಿಂಗಳುಗಳನ್ನು ಎಣಿಸಿ ಇನ್ನೂರರಿಂದ ಗುಣಿಸಬೇಕು, ಫೆಬ್ರುವರಿ ದಾಟಿದ್ದರೆ ನೂರು ಸೇರಿಸಬೇಕು. ಸ್ಟೋರ್ಸಿನ ಮಹಿಳೆಗೆ ಸೆಪ್ಟೆಂಬರ್ ಕೊನೆಗೆ ಆರು ತಿಂಗಳು, 1,200 ಇರಬೇಕು. ಸ್ಲಿಪ್ 1,400 ಎನ್ನುತ್ತದೆ. ಮರೆತ ತಿಂಗಳಿನ ವಸೂಲಿಯಾಗಿದ್ದರೆ ಈ ಕಾಲಮ್ 1,200ಕ್ಕೇ ಬಂದು ನಿಲ್ಲುತ್ತಿತ್ತು.

ಓವರ್‌ಟೈಮ್ ಮೇಲೆ ಸಂಬಳ ಏರಿಳಿಯುವವರಿಗೆ ಈ ಎಣಿಕೆಯನ್ನು ತಿಂಗಳು ತಿಂಗಳಾಗಿ ಮಾಡಬೇಕಾಗುತ್ತದೆ. ಹಳೆಯ ಸಂಬಳ 24,400 ಇದ್ದು ಇನ್‌ಕ್ರಿಮೆಂಟಿನಿಂದ 25,600 ಆದವರ ವಿಷಯ ಇನ್ನೂ ಸೂಕ್ಷ್ಮ. ಬಾಕಿ ಸೇರಿದರೆ ಹಿಂದಿನ ತಿಂಗಳುಗಳೂ ಗಡಿ ದಾಟುತ್ತವೆ ಎಂದು ಲೆಕ್ಕ ವಿಭಾಗ ವಾದಿಸಬಹುದು. ಅಂಥವರು ಯಾವ ಯಾವ ತಿಂಗಳಿಗೆ ಎಂದು ಹಿಡಿದಿದ್ದಾರೆ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆದ ಮೇಲೆಯೇ ಮುಂದಿನ ಮಾತು.

ತಿಂಗಳ ನಡುವೆ ಕೆಲಸ ಬದಲಿಸಿದವರ ಕತೆ ಬೇರೆ. ಹಳೆಯ ಕಂಪನಿ 15ರವರೆಗಿನ ಸಂಬಳಕ್ಕೆ, ಹೊಸ ಕಂಪನಿ 16ರಿಂದ ಮುಂದಿನದಕ್ಕೆ, ಎರಡೂ ಕಡೆ ಮೊತ್ತ 25,000 ದಾಟಿದ್ದರೆ ಇಬ್ಬರೂ ಹಿಡಿಯುತ್ತಾರೆ. ಇಲ್ಲಿ ಯಾರ ಪೇರೋಲೂ ಕೆಟ್ಟಿಲ್ಲ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುವುದಿಲ್ಲ ಅಷ್ಟೆ. ಹೊಸ ಕಡೆ ಸೇರಿದ ವಾರದಲ್ಲೇ ಹಳೆಯ ಕಂಪನಿಯ ಆ ತಿಂಗಳ ಸ್ಲಿಪ್ಪನ್ನು ಎಚ್.ಆರ್.ಗೆ ಕೊಡುವುದೇ ಇದಕ್ಕೆ ಒಳ್ಳೆಯ ಉಪಾಯ. ಎರಡೂ ಕಡೆಯ ಹಣ ಎರಡು ನೋಂದಣಿಗಳ ಅಡಿಯಲ್ಲಿ ಕಟ್ಟಿಹೋದ ಮೇಲೆ ಬಿಡಿಸುವುದು ತೊಡಕು. ಆಗ ಕೈಯಲ್ಲಿ ಉಳಿಯುವ ಗಟ್ಟಿ ವಾದವೆಂದರೆ ವರ್ಷಕ್ಕೆ 2,500ರ ಸಂವಿಧಾನದ ಮಿತಿ.

ಪೀಣ್ಯಕ್ಕೆ ಮರಳೋಣ. ಕಿಟಕಿಯಲ್ಲಿ ಸಿಕ್ಕ ಉತ್ತರಕ್ಕೆ ಸುಮ್ಮನಾಗದೆ ಆಕೆ ಅಕ್ಟೋಬರ್ 6ರಂದು ಒಂದು ಪತ್ರ ಬರೆದರು. ಆ ತಾರೀಖು ಮುಖ್ಯ. ಸೆಪ್ಟೆಂಬರ್‌ನ ವಿವರಪಟ್ಟಿ ಸಲ್ಲಿಸಲು ಅಕ್ಟೋಬರ್ 20ರವರೆಗೆ ಸಮಯವಿದೆ. ಪಟ್ಟಿ ಹೋಗುವ ಮುಂಚೆ ದೂರು ಬಂದರೆ ತಪ್ಪು ಕಂಪನಿಯೊಳಗೇ ತಿದ್ದಿಹೋಗುತ್ತದೆ, ಇಲಾಖೆಯವರೆಗೆ ಬೆಳೆಯುವುದಿಲ್ಲ. ಪತ್ರ ಹೀಗಿತ್ತು:

"ಮಾನ್ಯರೇ, ಸೆಪ್ಟೆಂಬರ್ ತಿಂಗಳಲ್ಲಿ ನನ್ನ ವೇತನದಿಂದ ವೃತ್ತಿ ತೆರಿಗೆ ಎರಡು ಬಾರಿ ಕಡಿತವಾಗಿದೆ. ದಿನಾಂಕ 12ರ ಬಾಕಿ ವೇತನದ ಸ್ಲಿಪ್ಪಿನಲ್ಲಿ ರೂ. 200 ಮತ್ತು ದಿನಾಂಕ 30ರ ಸಂಬಳದ ಸ್ಲಿಪ್ಪಿನಲ್ಲಿ ರೂ. 200. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳಿಗೆ ರೂ. 1,200 ಆಗಬೇಕಿದ್ದು, ಸ್ಲಿಪ್ಪಿನಲ್ಲಿ ರೂ. 1,400 ಇದೆ. ಹಿಂದಿನ ಯಾವ ತಿಂಗಳ ತೆರಿಗೆಯೂ ಬಾಕಿ ಇರಲಿಲ್ಲ. ಹೆಚ್ಚಾಗಿ ಹಿಡಿದ ರೂ. 200ನ್ನು ಅಕ್ಟೋಬರ್ ವೇತನದಲ್ಲಿ ವೃತ್ತಿ ತೆರಿಗೆಯ ಸಾಲಿನಲ್ಲೇ ಹಿಂದಿರುಗಿಸಿ, ವರ್ಷದ ಮೊತ್ತವನ್ನು ಸರಿಪಡಿಸಬೇಕೆಂದು ಕೋರುತ್ತೇನೆ. ಎರಡೂ ಸ್ಲಿಪ್ಪುಗಳ ಪ್ರತಿ ಲಗತ್ತಿಸಿದ್ದೇನೆ."

ಇದರಲ್ಲಿ ಸಿಟ್ಟಿಲ್ಲ, ಕಾನೂನಿನ ಬೆದರಿಕೆಯೂ ಇಲ್ಲ. ತಾರೀಖು, ಮೊತ್ತ, ಪರೀಕ್ಷೆಯ ಲೆಕ್ಕ, ಏನು ಬೇಕು ಎಂಬ ಕೋರಿಕೆ ಇವಿಷ್ಟೇ ಇವೆ. "ಬಾಕಿ ಇರಲಿಲ್ಲ" ಎಂಬ ಪುಟ್ಟ ವಾಕ್ಯ ಲೆಕ್ಕ ವಿಭಾಗ ಹೇಳಬಹುದಾದ ನೆಪವನ್ನು ಮೊದಲೇ ಮುಚ್ಚುತ್ತದೆ. ಇಂಥ ಪತ್ರವನ್ನು ಇಮೇಲ್‌ನಲ್ಲಿ ಕಳಿಸಿದರೆ ತಾರೀಖು ತಾನಾಗಿ ಉಳಿಯುತ್ತದೆ. ಕಾಗದದಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಬೇಕು.

"ತೆರಿಗೆಯ ಸಾಲಿನಲ್ಲೇ" ಎಂಬ ಮಾತು ಪತ್ರದಲ್ಲಿರುವುದಕ್ಕೆ ಕಾರಣವಿದೆ. ಬಹಳ ಕಡೆ ಹಣವನ್ನು "ಇತರ ಗಳಿಕೆ" ಎಂಬ ತಲೆಬರಹದಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇನ್ನೂರು ಬಂತಲ್ಲ ಎಂದು ನೌಕರರಿಗೂ ಸಮಾಧಾನ. ಆದರೆ ಆಗ ಅವರದೇ ಹಣ ಹೊಸ ಗಳಿಕೆಯಾಗಿ ಒಟ್ಟು ಸಂಬಳಕ್ಕೆ ಸೇರುತ್ತದೆ, ಆದಾಯ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಅತ್ತ ವೃತ್ತಿ ತೆರಿಗೆಯ ವರ್ಷದ ಮೊತ್ತ ತಿದ್ದದೆ ಉಳಿದು, ವರ್ಷಾಂತ್ಯಕ್ಕೆ 2,700 ಎಂದು ತೋರಿಸುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವೃತ್ತಿ ತೆರಿಗೆಯ ಮೊತ್ತ ಆದಾಯದಿಂದ ಕಳೆದುಹೋಗುವುದರಿಂದ, ಕಟ್ಟದ ಇನ್ನೂರಕ್ಕೂ ವಿನಾಯಿತಿ ಪಡೆದಂತಾಗುತ್ತದೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. ಕರ್ನಾಟಕದಲ್ಲಿ ಮಾತ್ರ ದುಡಿದವರ ವಾರ್ಷಿಕ ಪತ್ರದಲ್ಲಿ ಈ ಸಾಲು 2,500 ಮೀರಿದ್ದರೆ ಎಲ್ಲೋ ಎರಡನೇ ಇನ್ನೂರು ಅಡಗಿದೆ ಎಂದೇ ಅರ್ಥ.

ಮುಂದಿನ ತಿಂಗಳು ಹಿಡಿಯುವುದಿಲ್ಲ, ಅಲ್ಲಿಗೆ ಸರಿಹೋಯಿತು ಎಂಬ ಇನ್ನೊಂದು ಪರಿಹಾರವೂ ಚಾಲ್ತಿಯಲ್ಲಿದೆ. ನೌಕರರ ಜೇಬಿನ ಮಟ್ಟಿಗೆ ಇದು ಸರಿಯೇ. ಆದರೆ ವಿವರಪಟ್ಟಿ ಸಾಫ್ಟ್‌ವೇರಿನಿಂದ ಬರುವ ಕಡೆ ಆ ತಿಂಗಳು 61 ತಲೆಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಸ್ಲಿಪ್ಪಿನಲ್ಲಿ ಅಕ್ಟೋಬರ್‌ನ 200 ಒಂದು ಸಾಲು, ಸೆಪ್ಟೆಂಬರ್‌ನ ಹೆಚ್ಚುವರಿ ವಾಪಸ್ ಎಂದು ಮೈನಸ್ 200 ಇನ್ನೊಂದು ಸಾಲು ಎಂದು ಬರೆಯುವುದೇ ಎಲ್ಲಕ್ಕಿಂತ ಸ್ವಚ್ಛ. ನಾಲ್ಕು ವರ್ಷ ಬಿಟ್ಟು ನೋಡಿದವರಿಗೂ ಏನಾಯಿತೆಂದು ತಿಳಿಯುತ್ತದೆ.

ಕಂಪನಿ ಕಿವಿಗೊಡದಿದ್ದರೆ? ತೆರಿಗೆಯ ಹೆಸರಿನಲ್ಲಿ ಹಿಡಿದರೂ ತೆರಿಗೆಯಲ್ಲದ ಹಣ, ವೇತನದಿಂದ ಮಾಡಿದ ಅನಧಿಕೃತ ಕಡಿತವಾಗುತ್ತದೆ. ಹಾಗಾಗಿ ದೂರು ಒಯ್ಯಬೇಕಾದದ್ದು ಕಾರ್ಮಿಕ ಇಲಾಖೆಗೆ, ತೆರಿಗೆ ಇಲಾಖೆಗಲ್ಲ. ಇಲ್ಲಿ ಇತ್ತೀಚೆಗೆ ದೊಡ್ಡ ಬದಲಾವಣೆಯಾಗಿದೆ. 1936ರ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿವರೆಗೆ ಸಂಬಳವಿದ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಕರ್ನಾಟಕದಲ್ಲಿ ವೃತ್ತಿ ತೆರಿಗೆ ಶುರುವಾಗುವುದೇ 25,000ದಿಂದ. ಅಂದರೆ 2023ರ ನಂತರ, ಈ ತೆರಿಗೆ ಎರಡು ಸಲ ಕಳೆದುಕೊಂಡವರು ಬಹುತೇಕ ಆ ಕಾಯ್ದೆಯ ಹೊರಗೇ ನಿಂತಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ಆ ಮಿತಿಯನ್ನು ತೆಗೆದುಹಾಕಿತು, ಕಡಿತದ ನಿಯಮಗಳು ಈಗ ಸಂಬಳ ಎಷ್ಟೇ ಇದ್ದರೂ ಅನ್ವಯಿಸುತ್ತವೆ. ಹಕ್ಕು ಕೋರಲು ಮೂರು ವರ್ಷಗಳ ಅವಧಿಯಿದೆ. ತಪ್ಪಾಗಿ ಹಿಡಿದ ಹಣದ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಇನ್ನೂರಕ್ಕಾಗಿ ಒಬ್ಬರೇ ಅಲ್ಲಿಗೆ ಅಲೆಯುವುದು ಕಷ್ಟ. ಆದರೆ 61 ಜನರ 12,200 ಎಂದಾಗ ಕಾರ್ಮಿಕ ಸಂಘ ಕೈಗೆತ್ತಿಕೊಳ್ಳಬಹುದಾದ ವಿಷಯವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಪತ್ರ ನೋಡಿದ ಎಚ್.ಆರ್. ಅಧಿಕಾರಿ ಸೆಪ್ಟೆಂಬರ್ 12ರ ಪಟ್ಟಿ ತೆಗೆಸಿದಾಗ ಒಬ್ಬರದಲ್ಲ, 61 ಜನರದೂ ಹಾಗೆಯೇ ಆಗಿದ್ದು ಗೊತ್ತಾಯಿತು. ವಿವರಪಟ್ಟಿ 84 ಎಂಬ ಸಂಖ್ಯೆಯೊಂದಿಗೆ 16,800 ರೂಪಾಯಿಗೆ ಹೋಯಿತು. ಅಕ್ಟೋಬರ್ 31ರ ಸ್ಲಿಪ್ಪಿನಲ್ಲಿ ಸ್ಟೋರ್ಸಿನ ಮಹಿಳೆಗೆ ಮೈನಸ್ 200ರ ಸಾಲು ಬಂತು, ವರ್ಷದ ಮೊತ್ತ ಏಳು ತಿಂಗಳಿಗೆ ಸರಿಯಾಗಿ 1,400ಕ್ಕೆ ನಿಂತಿತು. ಉಳಿದ 57 ಮಂದಿಗೆ ಕೇಳದೆಯೇ ಹಣ ಬಂತು. ಬಾಕಿ ಮೂವರು ಸೆಪ್ಟೆಂಬರ್ 30ಕ್ಕೇ ಕೆಲಸ ಬಿಟ್ಟಿದ್ದರು, ಅವರಿಗೆ ಅಕ್ಟೋಬರ್ ಸ್ಲಿಪ್ಪೇ ಇಲ್ಲ. ಅವರ ಬ್ಯಾಂಕ್ ಖಾತೆಗೆ ಇನ್ನೂರು ರೂಪಾಯಿ ಬೇರೆಯಾಗಿ ಕಳಿಸಿ, ಅಂತಿಮ ಲೆಕ್ಕದ ಪತ್ರವನ್ನು ತಿದ್ದಿ ಕೊಡಬೇಕು ಎಂದು ಅಧಿಕಾರಿ ಕಡತದ ಅಂಚಿನಲ್ಲಿ ಬರೆದು ಲೆಕ್ಕ ವಿಭಾಗಕ್ಕೆ ಕಳಿಸಿದರು.